ಬಾಗಿಲ ಕಡೆಯ ಒಂದು ಮೊಳ ಝಳ

ಬೀದರದಿಂದ ಭಾಲ್ಕಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ನಾನು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕುಳಿತಿದ್ದೆ. ಡಬ್ಬಿಯಲ್ಲಿ ಊಟವಿರಲಿಲ್ಲ. ನಮ್ಮ ಪಾಲಿಟೆಕ್ನಿಕ್ಕಿನ ಥರ್ಮಲ್ ಕ್ಯಾಮೆರಾ ಟವೆಲ್ಲಿನೊಳಗೆ ಮಲಗಿತ್ತು. ಅದು ಕಳುವಾದರೆ ಏನು, ಬಿದ್ದರೆ ಏನು, ಬಸ್ಸಿನ ಬಿಸಿಗೆ ಅದೇ ಕೆಟ್ಟರೆ ಏನು ಎಂದು ಹಲಬರ್ಗಾ ಬರುವುದರೊಳಗೆ ಎಲ್ಲ ಚಿಂತೆಯನ್ನೂ ಒಂದು ಸುತ್ತು ಮಾಡಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನ್ನದು ಒಳ್ಳೆಯ ಶಿಸ್ತು.

ಆ ಕ್ಯಾಮೆರಾ ಬಂದದ್ದು ವಿದ್ಯುತ್ ಬೋರ್ಡುಗಳಲ್ಲಿ ಸಡಿಲಾದ ಕೂಡುಗಳನ್ನು ಪತ್ತೆ ಮಾಡಲಿಕ್ಕೆ. ಅದು ಬೆಳಕನ್ನು ನೋಡುವುದಿಲ್ಲ, ವಸ್ತುವಿನ ಮೈಯಿಂದ ಹೊರಡುವ ಬಿಸಿಯನ್ನು ನೋಡುತ್ತದೆ. ಬಿಸಿ ಇದ್ದಲ್ಲಿ ಹಳದಿ, ತಂಪು ಇದ್ದಲ್ಲಿ ನೇರಳೆ. ನಾನು ವಿದ್ಯಾರ್ಥಿಗಳಿಗೆ ಫ್ಯೂಜು ತೋರಿಸುತ್ತ ಇಷ್ಟು ದಿನ ಕಳೆದಿದ್ದೆ. ಒಂದು ಮನೆಗೆ ಮನೆಯನ್ನೇ ಇದರಿಂದ ನೋಡುವ ಕೆಲಸ ಬಂದದ್ದು ಅಕ್ಕನ ಸಿಟ್ಟಿನಿಂದ.

ಅಕ್ಕ ಭಾಲ್ಕಿಯ ಆಸ್ಪತ್ರೆಯಲ್ಲಿ ನರ್ಸು. ಸ್ಲ್ಯಾಬಿನ ಮನೆ ಕಟ್ಟಿಸಿಕೊಂಡು, ಬೇಸಿಗೆಯಲ್ಲಿ ಅದು ರೊಟ್ಟಿಯ ಹಂಚಿನ ಹಾಗೆ ಕಾಯುವುದನ್ನು ತಾಳಲಾರದೆ, ಚೌಕ ಹಲಗೆಗಳ ಸೀಲಿಂಗ್ ಹಾಕಿಸಿ, ಅದರ ಮೇಲೆ ಉಣ್ಣೆಯ ಹಾಸು ಹಾಕಿಸಿದ್ದಳು. ಉಣ್ಣೆ ಔರಾದ್ ಕಡೆಯ ಒಂದು ಹಳ್ಳಿಯದು. ಮಳೆ ಕೈಕೊಟ್ಟ ವರ್ಷಗಳು ಅವು. ಕುರಿ ಸಾಕುವ ಮನೆಗಳ ಗಂಡಸರು ಹಿಂಡು ಹೊಡೆದುಕೊಂಡು ಮೇವಿದ್ದ ಕಡೆ ಹೋಗಿದ್ದರು. ಉಳಿದ ಹೆಂಗಸರು, ಕೊಳ್ಳುವವರಿಲ್ಲದೆ ಬಿದ್ದಿದ್ದ ಒರಟು ಕರಿ ಉಣ್ಣೆಯನ್ನು ತೊಳೆದು, ಹುಳ ಬೀಳದ ಹಾಗೆ ಬಿಳಿಗಾರದ ನೀರಿನಲ್ಲಿ ಅದ್ದಿ, ಒಣಗಿಸಿ, ಬಿಡಿಸಿ, ತೆಳ್ಳನೆಯ ಬಟ್ಟೆಗಳ ನಡುವೆ ಹರಡಿ ಕೌದಿಯ ಹಾಗೆ ಹೊಲಿದು ದಪ್ಪ ಹಾಸು ಮಾಡುತ್ತಿದ್ದರು. ಅವರ ಮುಂದಾಳು ಎಲ್ಲರೂ ಆಯಿ ಎಂದು ಕರೆಯುವ ಒಬ್ಬ ಮುದುಕಿ. ಅಕ್ಕನ ಮನೆಯೇ ಅವರ ಮೊದಲ ದೊಡ್ಡ ಕೆಲಸ.

ಅಕ್ಕನ ಆಸ್ಪತ್ರೆಯ ಡಾಕ್ಟರಮ್ಮ ಔರಾದ್‌ನಲ್ಲಿ ಸ್ವಂತ ಹೆರಿಗೆ ಮನೆ ಕಟ್ಟಿಸುತ್ತಿದ್ದರು. ಅದರ ಛಾವಣಿಗೆ ಉಣ್ಣೆಯೋ ಬೇರೆಯೋ ಎಂಬುದು ಅಕ್ಕನ ಒಂದು ಮಾತಿನ ಮೇಲೆ ನಿಂತಿತ್ತು. ಉಣ್ಣೆ ಎಂದರೆ ಆ ಹೆಂಗಸರಿಗೆ ಬೇಸಿಗೆ ದಾಟುವ ತನಕ ಊರಲ್ಲೇ ಕೆಲಸ. ಬೇಡ ಎಂದರೆ ಸೋಮವಾರ ಕೂಲಿಯಾಳು ಒಯ್ಯುವ ಮುಕಾದಮ ಕಳಿಸುವ ಗಾಡಿ ಹತ್ತಿ ಹೈದರಾಬಾದಿಗೆ, ಇಟ್ಟಂಗಿ ಹೊರಲಿಕ್ಕೆ. ಅವತ್ತು ಶನಿವಾರ. ಅಕ್ಕ ಹಿಂದಿನ ದಿನವೇ ಫೋನಿನಲ್ಲಿ ತೀರ್ಪು ಕೊಟ್ಟಾಗಿತ್ತು.

“ಉಣ್ಣಿ ಹಾಕಿದ್ರೂ ಮನಿ ಹಂಗೇ ಕಾಯ್ತದ. ನಾ ಸುಳ್ಳ ಹೇಳಂಗಿಲ್ಲ ತಮ್ಮಾ. ಖುರ್ಚಿ ಹತ್ತಿ ನಡುವಿನ ಹಲಗಿ ಎತ್ತಿ ನೋಡೀನಿ, ಉಣ್ಣಿ ಅದ. ಅದ, ಖರೆ ಕೆಲಸ ಮಾಡವಲ್ದು.”

“ಒಂದು ಹಲಗಿ ಎತ್ತಿ ನೋಡಿದ್ರ ಹ್ಯಾಂಗ ಗೊತ್ತಾಗ್ತದ ಅಕ್ಕಾ?”

“ಹಾಂಗಾರ ನೀ ಬಂದು ಎಲ್ಲಾ ಹಲಗಿ ಎತ್ತು.”

ಅದಕ್ಕೇ ಡಬ್ಬಿ, ಟವೆಲ್ಲು, ಬಸ್ಸು.

ಭಾಲ್ಕಿಯಲ್ಲಿ ಇಳಿದಾಗ ನನಗೆ ಎದುರಾದದ್ದು ಪುಣೆ ಕಡೆ ಗುಳೆ ಹೊರಟವರ ಗಂಟುಮೂಟೆಗಳು. ಹಾಸಿಗೆ, ಹಿಟ್ಟಿನ ಚೀಲ, ಒಂದು ಮೇಕೆ ಕೂಡ. ಅಕ್ಕನ ಮನೆಯಲ್ಲಿ ಆಯಿ ಆಗಲೇ ಬಂದು ಮಾಳಿಗೆ ಹತ್ತುವ ಜಿನೆಯ ಮೆಟ್ಟಿಲ ಕೆಳಗೆ ಕುಳಿತಿದ್ದಳು. ಅವಳು ಕುಳಿತದ್ದು ಎರಡು ಉಣ್ಣೆಯ ಗಂಟುಗಳ ಮೇಲೆ. ಮನೆಗೆ ಹಾಕಿ ಉಳಿದದ್ದು. ಬದಿಯಲ್ಲಿ ಖಾಲಿ ಗೋಣಿಚೀಲಗಳ ಒಂದು ಕಟ್ಟು.

“ಇವು ಯಾಕ ತಂದೀರಿ ಆಯಿ?” ಎಂದೆ.

“ಸಿಸ್ಟರ್ ಬಾಯಿ ಬ್ಯಾಡಂದ್ರ ತುಂಬಿಕೊಂಡು ಹೋಗ್ಲಾಕ್ರಿ ಸರ. ನಮ್ಮ ಉಣ್ಣಿ ಅವ್ರ ಮನ್ಯಾಗ ಬೈಸಿಕೋತ ಯಾಕ ಮಲಗಬೇಕು?”

ಅಕ್ಕ ಒಳಗಿನಿಂದಲೇ, “ನಾ ಉಣ್ಣೀಗಿ ಬೈದಿಲ್ಲ, ಸೆಕೀಗಿ ಬೈದೀನಿ,” ಎಂದಳು.

ನಾನು ಕ್ಯಾಮೆರಾ ಹೊರತೆಗೆದೆ. ಇಬ್ಬರೂ ಹಿಂದೆ ಬಂದರು. ಮೊದಲು ಮಲಗುವ ಕೋಣೆಯ ಸೀಲಿಂಗಿಗೆ ಹಿಡಿದೆ. ಪರದೆಯ ತುಂಬ ಒಂದೇ ಬಣ್ಣ, ತೊಳೆದ ಸೀರೆಯ ಹಾಗೆ. ಎಲ್ಲಿಯೂ ಕಲೆಯಿಲ್ಲ. ನನಗೆ ಎಂಥ ಖುಷಿ ಎಂದರೆ, “ನೋಡಕ್ಕಾ, ಎಲ್ಲಾ ಕಡಿ ಸರಿ ಅದ,” ಎಂದು ಹೇಳಿಯೇಬಿಟ್ಟೆ. ಆಮೇಲೆ ಮೂಲೆಯಲ್ಲಿ ಒಂದು ದೊಡ್ಡ ಹಳದಿ ಮಚ್ಚೆ ಕಂಡಿತು, ಮನುಷ್ಯನ ಗಾತ್ರದ್ದು. ಗೋಡೆಯಲ್ಲಿ ಅಷ್ಟು ದೊಡ್ಡ ದೋಷವೆ ಎಂದುಕೊಂಡೆ. ನಾನು ಒಂದು ಹೆಜ್ಜೆ ಎಡಕ್ಕೆ ಸರಿದೆ. ಮಚ್ಚೆಯೂ ಸರಿಯಿತು.

“ಅದು ಗ್ವಾಡಿ ಅಲ್ಲೋ, ಅಲಮಾರಿ,” ಎಂದಳು ಅಕ್ಕ. “ನಿನ್ನ ಹೊಟ್ಟಿ ಕಾಣಿಸ್ತದ.”

ಹೊಳೆಯುವ ಸ್ಟೀಲಿನ ಅಲಮಾರಿ ಬಿಸಿಯ ಲೆಕ್ಕದಲ್ಲಿಯೂ ಕನ್ನಡಿಯೇ. ಅದು ತನ್ನ ಬಿಸಿಯನ್ನು ಹೇಳದೆ ಎದುರಿಗಿದ್ದವನ ಬಿಸಿಯನ್ನು ಹಿಂದಕ್ಕೆ ಕೊಡುತ್ತದೆ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಆಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಅಷ್ಟರಲ್ಲಿ ನನ್ನ ಇನ್ನೊಂದು ತಪ್ಪೂ ಹೊಳೆಯಿತು. ಮುಂಜಾನೆ ಎಂಟಕ್ಕೆ ಸ್ಲ್ಯಾಬು ರಾತ್ರಿಯೆಲ್ಲ ತಣ್ಣಗಾಗಿ ಕೋಣೆಯ ಮಟ್ಟಕ್ಕೇ ಬಂದಿರುತ್ತದೆ. ಮೇಲೆ ಕೆಳಗೆ ಒಂದೇ ಬಿಸಿಯಾದರೆ, ನಡುವೆ ಉಣ್ಣೆ ಇದ್ದರೂ ಇಲ್ಲದಿದ್ದರೂ ಚಿತ್ರ ಒಂದೇ. ಬಿಸಿ ದಾಟುತ್ತಿದ್ದರೆ ತಾನೇ ಅದು ಎಲ್ಲಿ ದಾಟುತ್ತದೆ ಎಂದು ಕಾಣುವುದು. ಕಳ್ಳನನ್ನು ಹಿಡಿಯಲಿಕ್ಕೆ ಕಳ್ಳ ಮಲಗಿರುವ ಹೊತ್ತಿನಲ್ಲಿ ಬಂದಿದ್ದೆ. ನಾನು ಮುಂಜಾನೆ ಬಸ್ಸು ಹಿಡಿದದ್ದಕ್ಕೆ ಕಾರಣ ವಿಜ್ಞಾನವಲ್ಲ, ಮಧ್ಯಾಹ್ನದ ಬಸ್ಸಿನಲ್ಲಿ ಗದ್ದಲ ಜಾಸ್ತಿ, ಡಬ್ಬಿಗೆ ಪೆಟ್ಟಾದೀತು ಎಂಬ ಫಿಕರ್.

“ಸಂಜೀ ತನಕ ನಿಲ್ಲಬೇಕಾಗ್ತದ,” ಎಂದೆ. “ದಿನಾ ಪೂರಾ ಬಿಸಿಲು ಕುಡಿದು ಸ್ಲ್ಯಾಬು ಒಳಗಿನ ಮೈಯಿಂದ ಕಾರಬೇಕು. ಆಗ ನೋಡೂಣು.”

“ಹಾಂಗಾರ ಈಗ ಎಲ್ಲಾ ಸರಿ ಅದ ಅಂದಿದ್ದು?”

“ಅದು ವಾಪಸ್.”

ಹಗಲೆಲ್ಲ ಮಾಡಲಿಕ್ಕೆ ಕೆಲಸವಿರಲಿಲ್ಲವಾದ್ದರಿಂದ ಆಯಿ ಕ್ಯಾಮೆರಾ ಕೇಳಿದಳು. ನಾನು ಜೀವ ಬಿಗಿಹಿಡಿದು ಕೊಟ್ಟೆ. ಅವಳು ನೀರಿನ ಮಣ್ಣಿನ ಗಡಿಗೆಗೆ ಹಿಡಿದಳು, ಕಡುನೇರಳೆ. ಅಕ್ಕ ಸುಡುತ್ತಿದ್ದ ರೊಟ್ಟಿಗೆ ಹಿಡಿದಳು; ಹಳದಿಯನ್ನೂ ದಾಟಿ ಬಿಳಿ. ಹೊರಗೆ ನೀರಿನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತಿದ್ದವರಿಗೆ ಹಿಡಿದಳು. ಹಳದಿ ಮನುಷ್ಯರು, ನೇರಳೆ ಕೊಡಗಳು. “ತುಂಬಿದ ಕೊಡ ಎಲ್ಲೀತನಕ ತುಂಬ್ಯಾದ ಅಂತ ಹೊರಗಿಂದೇ ಕಾಣ್ತದಲ್ರಿ ಸರ,” ಎಂದು ಅವಳು ಗಂಟೆಯ ಹೊತ್ತು ಆ ಸಾಲನ್ನೇ ನೋಡಿದಳು. ನಾನು ಆ ಗಂಟೆಯ ಹೊತ್ತು ಅವಳ ಕೈಯನ್ನೇ ನೋಡಿದೆ.

ಊಟವಾದ ಮೇಲೆ ಮನೆ ನಿಜವಾಗಿ ಕಾಯತೊಡಗಿತು. ಇಳಿಹೊತ್ತಿಗೆ ಮಲಗುವ ಕೋಣೆಯ ಏಸಿ ಹಚ್ಚಿಸಿ, ಕದ ಮುಚ್ಚಿ, ಸಾಕಷ್ಟು ಹೊತ್ತು ಬಿಟ್ಟೆ. ಅಲಮಾರಿಯ ಮೇಲೆ ಅಕ್ಕನ ಹಳೆಯ ಸೀರೆ ಹೊದಿಸಿದೆ. ಬೆಳಗಿನ ಹೊಟ್ಟೆಯ ದರ್ಶನ ಇನ್ನೊಮ್ಮೆ ಬೇಡವಾಗಿತ್ತು. ಆಮೇಲೆ ಮೂವರೂ ಒಳಹೊಕ್ಕೆವು, ನಾನು ಕ್ಯಾಮೆರಾ ಎತ್ತಿದೆ.

ಅವತ್ತಿನ ಆ ಕ್ಷಣ ಈಗಲೂ ನನ್ನ ಮೈಯಲ್ಲಿದೆ. ಸೀಲಿಂಗಿನ ಬಹುಭಾಗ ತಂಪು ನೇರಳೆ, ಒಂದೇ ಸಮ. ಬಲ್ಬುಗಳಿದ್ದಲ್ಲಿ ಸಣ್ಣ ಹಳದಿ ಉಂಗುರ. ಅಲ್ಲಿ ದೀಪ ಕಾಯುವುದರಿಂದ ಉಣ್ಣೆ ದೂರ ಇಡಬೇಕೆಂದು ಹಾಸುವ ಮೊದಲು ನಾನೇ ಹೇಳಿದ್ದೆ, ಅದು ಸರಿ. ಆದರೆ ಬಾಗಿಲಿನ ಮೇಲೆ, ಆ ಗೋಡೆಯ ಉದ್ದಕ್ಕೂ, ಸುಮಾರು ಒಂದು ಮೊಳ ಅಗಲದ ಉರಿಹಳದಿ ಪಟ್ಟಿ. ಅಂಚು ದಾರ ಹಿಡಿದು ಎಳೆದಷ್ಟು ನೇರ. ಗಾಳಿ ನುಗ್ಗಿದರೆ ಬಣ್ಣ ಹೊಗೆಯ ಹಾಗೆ, ಗರಿಯ ಹಾಗೆ ಹರಡುತ್ತದೆ. ನೇರ ಅಂಚು ಎಂದರೆ ಅಲ್ಲಿ ಏನೋ ಹಾಸಿಲ್ಲ ಎಂದರ್ಥ.

“ಹಾಸಿಲ್ಲ,” ಎಂದೆ. “ಅಕ್ಕಾ, ಉಣ್ಣಿ ಇದ್ದಲ್ಲಿ ಝಳ ಇಲ್ಲ. ಇಲ್ಲಿ ಉಣ್ಣೀನೇ ಇಲ್ಲ.”

ಅಕ್ಕ ಖುರ್ಚಿ ಎಳೆದು ಬಾಗಿಲ ಮೇಲಿನ ಹಲಗೆ ಎತ್ತಿದಳು. ಒಲೆಯ ಬಾಯಿ ತೆರೆದಂತೆ ಬಿಸಿ ಮುಖಕ್ಕೆ ಬಡಿಯಿತು. ಖಾಲಿ. ಮುಂದಿನ ಹಲಗೆಯ ಮೇಲೆ ಉಣ್ಣೆ ಅಂದವಾಗಿ ಮುಗಿದಿತ್ತು.

ನಾವು ಅಡುಗೆ ಕೋಣೆಗೆ ಹೋದೆವು. ಏಸಿ ಇರದಿದ್ದರೂ ಕೋಣೆಗಿಂತ ಸ್ಲ್ಯಾಬು ಬಹಳ ಬಿಸಿಯಾಗಿತ್ತು, ಚಿತ್ರ ಮಂದವಾದರೂ ಓದಬಹುದಿತ್ತು. ಅಲ್ಲಿಯೂ ಪಟ್ಟಿ. ಆದರೆ ಮಲಗುವ ಕೋಣೆಯಲ್ಲಿ ಉತ್ತರಕ್ಕಿದ್ದದ್ದು ಇಲ್ಲಿ ಪಶ್ಚಿಮಕ್ಕೆ. ಅಳತೆ ತಪ್ಪಿ ಉಣ್ಣೆ ಸಾಲದೆ ಬಂದಿದ್ದರೆ ಎಲ್ಲ ಕೋಣೆಯಲ್ಲೂ ಒಂದೇ ದಿಕ್ಕಿಗೆ ಕಡಿಮೆ ಬೀಳಬೇಕಿತ್ತು. ಅಲ್ಲದೆ ಸಾಲದೆ ಬಂದಿದ್ದರೆ ಜಿನೆಯ ಕೆಳಗಿನ ಎರಡು ಗಂಟು ಎಲ್ಲಿಂದ ಉಳಿದವು? ನಾನು ಪಡಸಾಲೆಗೆ ಓಡಿದೆ. ಓಡಿದೆ ಎಂಬುದು ಅತಿಶಯದ ಮಾತಲ್ಲ, ಟೀಪಾಯಿಗೆ ಮೊಣಕಾಲು ಬಡಿದದ್ದೇ ಸಾಕ್ಷಿ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಕೋಣೆ ಅದು. ಅಲ್ಲಿ ಎರಡು ಪಟ್ಟಿ, ಬೀದಿಯ ಕಡೆ ಒಂದು, ಒಳಗಿನ ಕಡೆ ಒಂದು.

ಬೀದಿಯ ಕಡೆ ಒಂದು ಬಾಗಿಲು. ಒಳಗಿನ ಕಡೆ ಒಂದು ಬಾಗಿಲು.

ನಾನು ತಿರುಗಿ ಆಯಿಯನ್ನು ನೋಡಿದೆ. “ಆಯಿ, ನಿಮ್ಮ ಮಂದಿ ಬಾಗಿಲ ಕಡಿ ಬಿಟ್ಟು ಹಾಸ್ಯಾರೇನ್ರಿ?”

ಇದೆಂಥ ಪ್ರಶ್ನೆ ಎಂಬಂತೆ ಅವಳು ನೋಡಿದಳು. “ಬಿಡಬೇಕಲ್ರಿ ಸರ. ನಮ್ಮ ಮನ್ಯಾಗ ಉಣ್ಣಿ ಹಾಸಿದ್ರ ಬಾಗಿಲ ಕಡಿ ಒಂದು ಮೊಳ ದಾರಿ ಬಿಡ್ತೇವಿ. ಬಂದವ್ರು ಹೋದವ್ರು ಅದರ ಮ್ಯಾಲ ಕಾಲಿಡಬಾರ್ದಲ್ಲ. ಅದು ದೇವರ ಮುಂದ ಹಾಸೂದು.”

ಮೇಲೆ ಹಲಗೆ ಕಟ್ಟಿಕೊಂಡು, ಬಗ್ಗಿ, ಬೆವರಿ, ಪ್ರತಿ ಕೋಣೆಯಲ್ಲಿ ಬಾಗಿಲನ್ನು ಗುರುತು ಹಿಡಿದು ದಾರಿ ಬಿಟ್ಟಿದ್ದರು ಅವರು. ಸೋಮಾರಿತನವಲ್ಲ, ಮರ್ಯಾದೆ.

ಅಕ್ಕನೇ ಕೇಳಿದಳು. “ಆಯಿ, ಸೀಲಿಂಗಿನ ಮ್ಯಾಲ ಯಾರು ಅಡ್ಡಾಡ್ತಾರ?”

ಆಯಿ ಮೇಲೆ ನೋಡಿದಳು. ಅವಳ ಮುಖದಲ್ಲಿ ವಿಷಯ ನಿಧಾನವಾಗಿ ಇಳಿಯಿತು.

“ಹಲ್ಲಿ,” ಎಂದಳು.

ಅಕ್ಕ ನಗಲಿಕ್ಕೆ ಹತ್ತಿದವಳು ಖುರ್ಚಿಯ ಮೇಲೆ ಕುಳಿತೇಬಿಟ್ಟಳು. ಆಯಿಯೂ ನಕ್ಕಳು, ಆದರೆ ಅವಳ ಕೈ ಖಾಲಿ ಚೀಲದ ಕಟ್ಟಿನ ಮೇಲಿತ್ತು. ತಪ್ಪು ಗೊತ್ತಾಯಿತು, ಸರಿ. ಆದರೆ ಅದನ್ನು ಮುಚ್ಚಿದರೆ ಮನೆ ತಂಪಾಗುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಕಂಡದ್ದನ್ನು ಮಾತ್ರ ಡಾಕ್ಟರಮ್ಮನಿಗೆ ಹೇಳುವವಳು.

“ಈಗೇ ನೋಡೂಣು,” ಎಂದೆ. ನನ್ನ ಬಾಯಿಂದ ಈಗಲೇ ಎಂಬ ಮಾತು ಬರುವುದು ಅಪರೂಪ. “ಜಿನಿ ಕೆಳಗಿನ ಗಂಟು ಬಿಚ್ಚರಿ. ಮಲಗೋ ಖೋಲಿ ಪಟ್ಟಿ ಅರ್ಧ ಅಷ್ಟೇ ಮುಚ್ಚೂಣು. ಇನ್ನರ್ಧ ಹಂಗೇ ಬಿಡೂಣು. ಆಗ ಎರಡೂ ಒಂದಕ್ಕೊಂದು ಸಾಕ್ಷಿ.”

ಹಾಸು ಅಗಲವಾಗಿತ್ತು. ನಾನು ಕತ್ತರಿ ಕೇಳಿದೆ. ಆಯಿ ಕತ್ತರಿಯನ್ನು ನನ್ನ ಕೈಯಿಂದ ತೆಗೆದು ಅಕ್ಕನಿಗೆ ಕೊಟ್ಟು, ಹೊಲಿಗೆ ಬಿಚ್ಚಿ, ಉಣ್ಣೆಯನ್ನು ಪಟ್ಟಿಯ ಅಗಲಕ್ಕೆ ಹರಡಿ ಮತ್ತೆ ಸೂಜಿ ಹಾಕಿದಳು. ಅವಳ ಕೈಯ ವೇಗಕ್ಕೆ ನನ್ನ ಕಣ್ಣು ಸಾಲಲಿಲ್ಲ.

ಉಣ್ಣೆ ಮೇಲೇರಿದ ಮೇಲೆ ಹಲಗೆ ತಣ್ಣಗಾಗಲಿಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಗಾಳಿಯ ಸೋರಿಕೆಗೆ ಕೊಟ್ಟೆವು. ಅದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಒಲೆ ಆರಿಸಿ, ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಒಳಗಿನ ಕದಗಳನ್ನು ತೆರೆದಿಟ್ಟು, ಅಡುಗೆ ಕೋಣೆಯ ಮತ್ತು ಬಚ್ಚಲಿನ ಹೊರಗೆಳೆಯುವ ಫ್ಯಾನು ಎರಡನ್ನೂ ಹಚ್ಚಿದೆ. ಫ್ಯಾನು ಮನೆಯ ಗಾಳಿಯನ್ನು ಹೊರಗೆ ಎಳೆದರೆ, ಸಂದು ಇದ್ದಲ್ಲೆಲ್ಲ ಹೊರಗಿನ ಗಾಳಿ ಒಳಕ್ಕೆ ನುಗ್ಗಲೇಬೇಕು. ಅಲ್ಲಿ ಊದಿನಕಡ್ಡಿ ಹಿಡಿದರೆ ಹೊಗೆ ಅಡ್ಡಕ್ಕೆ ಹಾರುತ್ತದೆ.

“ಬುದ್ಧನ ಮುಂದ ಹಚ್ಚಿದ್ದಕ್ಕಿಂತ ನೀ ಗ್ವಾಡೀಗಿ ಹಚ್ಚಿದ್ದೇ ಜಾಸ್ತಿ ಆತು,” ಎಂದು ಅಕ್ಕ ಮೂರನೆಯ ಕಡ್ಡಿ ಕೊಟ್ಟಳು.

ಕಿಟಕಿಯ ಬಳಿ ಹೊಗೆ ನೆಟ್ಟಗೆ ಏರಿತು. ಮಾಳಿಗೆಗೆ ಹೋಗುವ ಬಾಗಿಲ ತಳದಲ್ಲಿ ಅಡ್ಡಾಯಿತು. ಬಾಗಿಲಿನ ಅಡಿಯಲ್ಲಿ ಹಾಳೆಯ ಚೂರು ಇಟ್ಟರೆ ಅದು ಕೋಣೆಯೊಳಗೆ ಜಾರಿಕೊಂಡೇ ಬಂತು. ಆದರೆ ದೊಡ್ಡ ಬೇಟೆ ಏಸಿಯ ಪಕ್ಕದಲ್ಲಿತ್ತು. ಪೈಪು ಹೊರಹೋಗುವ ತೂತಿನ ಹತ್ತಿರ ಕಡ್ಡಿ ತಂದದ್ದೇ ಹೊಗೆ ಬಾಣದ ಹಾಗೆ ನನ್ನ ಕಣ್ಣಿಗೇ ಹೊಡೆಯಿತು. ಕ್ಯಾಮೆರಾದಲ್ಲಿ ಅಲ್ಲಿಂದ ಗೋಡೆಯುದ್ದಕ್ಕೆ ಹಳದಿ ನವಿಲುಗರಿ ಹರಡಿತ್ತು.

“ಇದು ಇಷ್ಟು ದೊಡ್ಡ ತೂತು ಯಾರು ಮಾಡ್ಯಾರ?” ಎಂದೆ ಕಣ್ಣೊರೆಸಿಕೊಳ್ಳುತ್ತ.

ಅಕ್ಕ ಕೆಳಗೆ ನೋಡಿದಳು. ಏಸಿಯ ಕೆಳಗೆ ಒಂದು ಬಕೀಟಿತ್ತು. ಏಸಿಯಿಂದ ಇಳಿಯುವ ನೀರು ಹೊರಗೆ ಬೀದಿಗೆ ಹೋಗಿ ಹಾಳಾಗುತ್ತದೆ, ಈ ಬರದಲ್ಲಿ ತುಳಸಿ ಗಿಡಕ್ಕಾದರೂ ಆದೀತು ಎಂದು, ನಳಿಗೆಯನ್ನು ಒಳಕ್ಕೆ ತಿರುಗಿಸಲಿಕ್ಕೆ ಅವಳೇ ತೂತು ಒಡೆಸಿ ಹಿಗ್ಗಿಸಿದ್ದಳು. ಮುಚ್ಚುವುದು ಉಳಿದುಹೋಗಿತ್ತು.

ಆಯಿ ಬಕೀಟನ್ನು ನೋಡಿದಳು, ತೂತನ್ನು ನೋಡಿದಳು. “ನೀವೂ ದಾರಿ ಬಿಟ್ಟೀರೇನ್ರಿ ಸಿಸ್ಟರ್ ಬಾಯಿ,” ಎಂದಳು.

“ಅದರಾಗೂ ಉಣ್ಣಿ ತುರುಕೂಣೇನು?” ಎಂದಳು ಅಕ್ಕ ಮಾತು ತಿರುಗಿಸಲು.

“ಉಣ್ಣಿ ಝಳ ತಡೀತದ, ಗಾಳಿ ತಡ್ಯಂಗಿಲ್ಲ,” ಎಂದೆ. “ಕಂಬಳಿ ಹೊತ್ತು ಗಾಡಿ ಮ್ಯಾಲ ಹೋದ್ರ ಗಾಳಿ ಒಳಗ ಬರ್ತದೋ ಇಲ್ಲೋ? ಹಾಂಗ. ಇದಕ್ಕ ಪುಟ್ಟಿ ಮೆತ್ತಬೇಕು, ಬಾಗಿಲಿಗಿ ರಬ್ಬರ್ ಪಟ್ಟಿ ಹಚ್ಚಬೇಕು.” ಕುರಿಯವರ ಮನೆಯ ಹೆಂಗಸಿನ ಮುಂದೆ ಕಂಬಳಿಯ ಪಾಠ ಮಾಡುತ್ತಿದ್ದೇನೆ ಎಂದು ಹೊಳೆದು ನಾನು ಅಲ್ಲಿಗೇ ನಿಲ್ಲಿಸಿದೆ. ಸದ್ಯಕ್ಕೆ ಒದ್ದೆ ಗೋಧಿ ಹಿಟ್ಟನ್ನೇ ತೂತಿಗೆ ಮೆತ್ತಿದೆವು. ಕಡ್ಡಿಯ ಹೊಗೆ ಒಮ್ಮೆ ತೂಗಾಡಿ ನೆಟ್ಟಗಾಯಿತು.

ಫ್ಯಾನು ಆರಿಸಿ, ಮಲಗುವ ಕೋಣೆಯ ಕದ ಮುಚ್ಚಿ, ಏಸಿಗೆ ಇನ್ನೂ ಸ್ವಲ್ಪ ಹೊತ್ತು ಕೊಟ್ಟೆವು. ಆ ಹೊತ್ತಿನಲ್ಲಿ ನಾನು ನನ್ನ ಮಾಮೂಲಿ ಕೆಲಸ ಮಾಡಿದೆ. ಉಣ್ಣೆ ತೆಳ್ಳಗಾಯಿತೇನೋ, ಹಲಗೆ ಸರಿ ಕೂತಿಲ್ಲವೇನೋ, ಕ್ಯಾಮೆರಾದ ಬ್ಯಾಟರಿ ಈಗಲೇ ಮುಗಿದರೆ ಏನು ಗತಿ. ಸೋಮವಾರದ ಗಾಡಿ ನನ್ನ ಕಣ್ಣ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಆಯಿ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಸೊಸೆ ಬಸುರಿ, ಅವಳೂ ಇಟ್ಟಂಗಿಗೆ ಹೋಗುವವರಲ್ಲಿ ಒಬ್ಬಳು ಎಂದು ಅಕ್ಕ ನನಗೆ ಊಟದ ಹೊತ್ತಿನಲ್ಲಿ ಹೇಳಿದ್ದಳು.

ಒಳಗೆ ಹೋದಾಗ ನಾನು ಕ್ಯಾಮೆರಾವನ್ನು ಅಕ್ಕನ ಕೈಗೆ ಕೊಟ್ಟೆ. ಹೇಳಬೇಕಾದವಳು ಅವಳು, ನೋಡಬೇಕಾದವಳೂ ಅವಳೇ. ಅವಳು ಎತ್ತಿ ಹಿಡಿದಳು. ಪಟ್ಟಿ ಅರ್ಧಕ್ಕೆ ನಿಂತಿತ್ತು. ಎಡಗಡೆ ಉರಿಹಳದಿ ಹಾಗೆಯೇ ಇತ್ತು. ಬಲಗಡೆ, ಉಣ್ಣೆ ಹಾಕಿದಲ್ಲಿ, ಉಳಿದ ಸೀಲಿಂಗಿನ ನೇರಳೆಯೊಳಗೆ ಅದು ಕರಗಿಹೋಗಿತ್ತು; ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಎಂದು ಹುಡುಕಬೇಕಾಗಿತ್ತು.

ಅಕ್ಕ ಬಹಳ ಹೊತ್ತು ಹಿಡಿದೇ ಇದ್ದಳು. ಹಳದಿಗೆ ಹೋದಳು, ನೇರಳೆಗೆ ಬಂದಳು, ಮತ್ತೆ ಹಳದಿಗೆ ಹೋದಳು. ಆಮೇಲೆ ಖುರ್ಚಿ ಹತ್ತಿ ಎರಡೂ ಕಡೆ ಬರಿಗೈ ಇಟ್ಟು ನೋಡಿದಳು, ಜ್ವರ ನೋಡುವ ಹಾಗೆ, ಕೈಯ ಹಿಂಬದಿಯಿಂದ.

“ಇಲ್ಲಿ ಜ್ವರ ಅದ,” ಎಂದಳು. “ಇಲ್ಲಿ ಇಳ್ದದ.”

ಖುರ್ಚಿಯ ಮೇಲೆ ನಿಂತೇ ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು. ಉಣ್ಣೆ ಒಳ್ಳೆಯದು, ಹಾಸಿದ್ದರಲ್ಲಿ ದೋಷವಿತ್ತು, ದೋಷ ಸಿಕ್ಕಿದೆ, ಮೂಲೆಯಿಂದ ಮೂಲೆಗೆ ಹಾಸಿದರೆ ಕೆಲಸ ಮಾಡುತ್ತದೆ, ತಾನು ಕಣ್ಣಾರೆ ನೋಡಿದ್ದೇನೆ ಎಂದಳು. ತೂತಿನ ಸುದ್ದಿ ಮಾತ್ರ ಎತ್ತಲಿಲ್ಲ. ಆ ಕಡೆಯಿಂದ ಬಂದ ಮಾತು ನಮಗೆ ಕೇಳಿಸಲಿಲ್ಲ. ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು ಆಯಿಯ ಕಡೆ ಬಗ್ಗಿ, “ಸೋಮವಾರ ಬಂದು ಖೋಲಿ ಅಳತಿ ತಗೊಂಡು ಹೋಗಬೇಕಂತ. ಆಗ್ತದೇನು, ಇಲ್ಲಾ ಮತ್ತೆಲ್ಲಾದ್ರೂ ಹೋಗೂದದ?” ಎಂದಳು.

“ಎಲ್ಲಿ ಹೋಗೂದ್ರಿ,” ಎಂದಳು ಆಯಿ. ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಇತ್ತಲ್ಲ.

ಖಾಲಿ ಚೀಲಗಳನ್ನು ಅವಳು ಖಾಲಿಯಾಗಿಯೇ ಒಯ್ದಳು.

ಹೆರಿಗೆ ಮನೆಯ ಸೀಲಿಂಗ್ ಹಾಸುವ ದಿನ ನಾನೂ ಔರಾದ್‌ಗೆ ಹೋಗಿದ್ದೆ, ಡಬ್ಬಿ ಸಮೇತ. ನನ್ನನ್ನು ಯಾರೂ ಕರೆದಿರಲಿಲ್ಲ, ಫಿಕರ್ ಕರೆದಿತ್ತು. ಹೆಂಗಸರು ಮೇಲೆ ಹಲಗೆಗಳ ಮೇಲೆ ಬಗ್ಗಿ ಒಂದೊಂದೇ ಹಾಸನ್ನು ಬಿಡಿಸುತ್ತಿದ್ದರು. ಆಯಿಯ ಸೊಸೆ ಕೆಳಗೆ ನೆರಳಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಬಾಗಿಲ ಕಡೆಯ ಕೊನೆಯ ಪಟ್ಟಿಗೆ ಬಂದಾಗ ಎಲ್ಲರ ಕೈಯೂ ನಿಂತಿತು. ಅಭ್ಯಾಸದ ಕೈ, ಅಲ್ಲಿಗೆ ಬಂದು ತಾನಾಗಿಯೇ ನಿಂತಿತ್ತು. ಆಯಿಯೇ ಮೇಲೆ ಹತ್ತಿ, ಆ ಕಿರಿ ಅಗಲದ ಹಾಸನ್ನು ಎತ್ತಿ ಹಣೆಗೆ ಒತ್ತಿಕೊಂಡು, ಗೋಡೆಗೆ ತಾಗುವಂತೆ ಹಾಸಿದಳು.

ಆಮೇಲೆ ಕೆಳಗಿದ್ದ ನನಗೆ ಕೇಳುವಂತೆ, ಯಾವುದೋ ಸಂದಿನ ಕಡೆ ನೋಡುತ್ತ, “ಇನ್ನ ನೀವು ಗ್ವಾಡಿ ಮ್ಯಾಲಿಂದ ಅಡ್ಡಾಡ್ರಪ್ಪಾ,” ಎಂದು ಹಲ್ಲಿಗಳಿಗೆ ಹೇಳಿದಳು.